ಒಂದೇ ಬಿಲ್ಲಿಗೆ ಎರಡು ಸಲ ಹಣ ಕಟ್: ಬ್ಯಾಂಕಿಗೆ ದೂರು ಬರೆಯುವಾಗ ಹೇಳಲೇಬೇಕಾದದ್ದು ಯಾವುದು?

2025ರ ಏಪ್ರಿಲ್ 12ರ ಮಧ್ಯಾಹ್ನದ ಹೊತ್ತಿಗೆ ದೇಶದಾದ್ಯಂತ ಯುಪಿಐ ಮುಗ್ಗರಿಸಿತು. ಅದಕ್ಕೆ ಹದಿನೇಳು ದಿನ ಮೊದಲು, ಮಾರ್ಚ್ 26ರಂದು ಕೂಡ ಹಾಗೇ ಆಗಿತ್ತು. ಇಂಥ ದಿನಗಳಲ್ಲಿ ಪಾವತಿ ಪೂರ್ತಿ ನಿಂತುಬಿಟ್ಟರೆ ಗೊಂದಲ ಕಡಿಮೆ. ಅರ್ಧ ನಡೆದು ಅರ್ಧ ನಿಂತಾಗ ತಲೆನೋವು ಶುರುವಾಗುತ್ತದೆ. ಮೊಬೈಲ್ ಪರದೆಯಲ್ಲಿ ವಿಫಲ ಎಂದು ಬರುತ್ತದೆ, ಅಂಗಡಿಯ ಸೌಂಡ್‌ಬಾಕ್ಸ್ ಸುಮ್ಮನಿರುತ್ತದೆ, ಗ್ರಾಹಕ ಮತ್ತೆ ಸ್ಕ್ಯಾನ್ ಮಾಡಿ ಇನ್ನೊಮ್ಮೆ ಕಟ್ಟುತ್ತಾನೆ. ಸಂಜೆ ನೋಡಿದರೆ ಖಾತೆಯಿಂದ ಎರಡು ಸಲವೂ ಹಣ ಹೋಗಿದೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಓಡಾಟ. ಆ್ಯಪ್‌ನವರು ಬ್ಯಾಂಕನ್ನು ಕೇಳಿ ಅನ್ನುತ್ತಾರೆ, ಬ್ಯಾಂಕಿನವರು ಪಾವತಿ ಯಶಸ್ವಿ, ಅಂಗಡಿಯವರನ್ನು ಕೇಳಿ ಅನ್ನುತ್ತಾರೆ, ಅಂಗಡಿಯವರು ನಮಗೆ ಬಂದದ್ದು ಒಂದೇ ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಇಲ್ಲಿನ ವಿಚಿತ್ರ. ಒಬ್ಬೊಬ್ಬರಿಗೂ ವ್ಯವಹಾರದ ಒಂದೊಂದು ತುಂಡು ಮಾತ್ರ ಕಾಣುತ್ತಿರುತ್ತದೆ.

## ಹಣ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಯುಪಿಐ ಪಾವತಿ ಒಂದೇ ನೆಗೆತದ ಕೆಲಸವಲ್ಲ. ನೀವು ಪಿನ್ ಒತ್ತಿದ ಮೇಲೆ ಕೋರಿಕೆ ಆ್ಯಪ್‌ನಿಂದ ಸ್ವಿಚ್‌ಗೆ, ಅಂದರೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಕೇಂದ್ರ ವ್ಯವಸ್ಥೆಗೆ ಹೋಗುತ್ತದೆ. ಸ್ವಿಚ್ ನಿಮ್ಮ ಬ್ಯಾಂಕಿಗೆ ಹಣ ಕಡಿಯಲು ಹೇಳುತ್ತದೆ. ಕಡಿದಾಯಿತು ಎಂಬ ಉತ್ತರ ಬಂದ ಮೇಲೆ ಅಂಗಡಿಯವರ ಬ್ಯಾಂಕಿಗೆ ಜಮಾ ಮಾಡಲು ಹೇಳುತ್ತದೆ. ಅಲ್ಲಿಂದ ಉತ್ತರ ಬಂದ ನಂತರವೇ ಎರಡೂ ಕಡೆಗೆ ಯಶಸ್ವಿ ಎಂಬ ಸಂದೇಶ.

ಕಡಿತಕ್ಕೆ ಮೊದಲೇ ಕೊಂಡಿ ಕಳಚಿದರೆ ಯಾರಿಗೂ ನಷ್ಟವಿಲ್ಲ. ಕಡಿತವಾಗಿ, ಅದರ ಉತ್ತರ ಸ್ವಿಚ್‌ಗೆ ವಾಪಸ್ ತಲುಪದಿದ್ದರೆ, ಜಮಾ ಹಂತ ಶುರುವೇ ಆಗಿರುವುದಿಲ್ಲ. ಹಣ ನಿಮ್ಮ ಬ್ಯಾಂಕಿನಲ್ಲೇ ಇರುತ್ತದೆ, ಹೆಚ್ಚಾಗಿ ಬೇಗ ತಿರುಗಿ ಬರುತ್ತದೆ. ಬಿಕ್ಕಟ್ಟು ಇರುವುದು ಮೂರನೆಯ ಜಾಗದಲ್ಲಿ. ನಿಮ್ಮ ಖಾತೆಯಿಂದ ಹಣ ಹೋಗಿದೆ, ಅಂಗಡಿಯ ಬ್ಯಾಂಕಿಗೆ ಜಮಾ ಮಾಡಲು ಹೇಳಿಯಾಗಿದೆ, ಆದರೆ ಉತ್ತರ ಬಂದಿಲ್ಲ. ಜಮಾ ಆಗಿದ್ದೂ ಇರಬಹುದು, ಆಗದೆಯೂ ಇರಬಹುದು. ಈ ಸ್ಥಿತಿಯಲ್ಲಿ ಹಣವನ್ನು ಕೂಡಲೇ ನಿಮಗೆ ತಿರುಗಿಸಿದರೆ, ಅತ್ತ ಜಮಾ ಆಗಿದ್ದ ಪಕ್ಷದಲ್ಲಿ ಒಂದೇ ಹಣ ಎರಡು ಕಡೆ ಸಿಕ್ಕಂತಾಗುತ್ತದೆ. ಅದಕ್ಕೇ ವ್ಯವಸ್ಥೆ ಇಂಥದನ್ನು 'ಡೀಮ್ಡ್', ಅಂದರೆ ಆಗಿದೆ ಎಂದೇ ಸದ್ಯಕ್ಕೆ ಭಾವಿಸುವ ವ್ಯವಹಾರ ಎಂದು ಗುರುತಿಸಿ, ಅಂಗಡಿಯ ಬ್ಯಾಂಕಿನ ಮಾತಿಗೆ ಕಾಯುತ್ತದೆ.

ಆ ಬ್ಯಾಂಕು ತನ್ನ ಲೆಕ್ಕ ತಾಳೆ ನೋಡಿ ಎರಡರಲ್ಲಿ ಒಂದನ್ನು ಹೇಳಬೇಕು. ಜಮಾ ಆಗಿದೆ ಅಥವಾ ಈಗ ಮಾಡಿದ್ದೇವೆ ಎಂದರೆ ಅದಕ್ಕೆ ಟಿಸಿಸಿ ಎನ್ನುತ್ತಾರೆ. ಮಾಡಲಾಗಲಿಲ್ಲ, ಹಣ ವಾಪಸ್ ಎಂದರೆ ಅದು ರಿಟರ್ನ್. ನಿಮ್ಮ ಬ್ಯಾಂಕಿನ ಸಿಬ್ಬಂದಿ 'ಪಾವತಿ ಯಶಸ್ವಿ' ಅನ್ನುವಾಗ ಅವರ ಪರದೆಯಲ್ಲಿರುವುದು ಹಲವು ಸಲ ಈ ಡೀಮ್ಡ್ ಸ್ಥಿತಿ ಮಾತ್ರ. ಟಿಸಿಸಿ ಬಂದಿದೆಯೇ ಎಂದು ಅವರು ನೋಡಿರುವುದಿಲ್ಲ. ದೂರಿನ ಪತ್ರದಲ್ಲಿ ಇದನ್ನೇ ಕೇಳಬೇಕಾಗುತ್ತದೆ.

ಏಪ್ರಿಲ್ 12ರ ಪ್ರಕರಣದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಣ ಹೋಯಿತೇ ಇಲ್ಲವೇ ಎಂದು ವಿಚಾರಿಸುವ ಸ್ಥಿತಿ ಪರಿಶೀಲನೆಯ ಕೋರಿಕೆಗಳೇ ಬ್ಯಾಂಕುಗಳ ಕಡೆಯಿಂದ ಮಿತಿಮೀರಿ ಬಂದು ಸ್ವಿಚ್ ಮೇಲೆ ಭಾರ ಬಿತ್ತು ಎಂದು ಎನ್‌ಪಿಸಿಐ ಕಂಡುಕೊಂಡಿತು. ಬಳಿಕ ಒಂದು ಪಾವತಿಗೆ ಗರಿಷ್ಠ ಮೂರು ಸಲ ಎಂಬ ಮಿತಿ ಬಂತು. ಹೀಗಾಗಿ ಬಾಕಿ ಇರುವ ಪಾವತಿಯನ್ನು ಪದೇ ಪದೇ ತಟ್ಟುತ್ತಾ ಕೂತರೆ ಹೊಸ ಉತ್ತರವೇನೂ ಸಿಗುವುದಿಲ್ಲ.

## 'ಎರಡು ಸಲ ಕಟ್ ಆಯ್ತು' ಎಂಬುದು ಮೂರು ಬೇರೆ ದೂರುಗಳು

ಪಾಸ್‌ಬುಕ್‌ನಲ್ಲಿ ಒಂದೇ ಮೊತ್ತ ಎರಡು ಸಾಲಿನಲ್ಲಿ ಕಂಡರೂ ಅದರ ಹಿಂದಿನ ಸಂಗತಿ ಒಂದೇ ಅಲ್ಲ. ಬೇರೆ ಬೇರೆ ಮಾಡಲು ಬೇಕಾದದ್ದು ಪ್ರತಿ ಪಾವತಿಗೂ ಸಿಗುವ 12 ಅಂಕಿಗಳ ಉಲ್ಲೇಖ ಸಂಖ್ಯೆ. ಕೆಲವು ಆ್ಯಪ್‌ಗಳಲ್ಲಿ ಅದು UTR ಎಂದೂ ಕೆಲವದರಲ್ಲಿ UPI transaction ID ಎಂದೂ ಕಾಣುತ್ತದೆ, ಬ್ಯಾಂಕಿನವರ ಬಾಯಲ್ಲಿ ಆರ್‌ಆರ್‌ಎನ್. ಹಲವು ಸಲ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿಯಾಗಿರುತ್ತದೆ, ಮುಂದಿನ ಮೂರು ಅಂಕಿಗಳು ವರ್ಷದ ಎಷ್ಟನೇ ದಿನ ಎಂಬುದನ್ನು ಹೇಳುತ್ತವೆ. 2025ರ ಏಪ್ರಿಲ್ 12 ವರ್ಷದ 102ನೇ ದಿನ, ಆದ್ದರಿಂದ 5102. ಆ್ಯಪ್ ತಾನೇ ಕೊಡುವ, ಅಕ್ಷರಗಳೂ ಸೇರಿದ ಉದ್ದನೆಯ ಆರ್ಡರ್ ಸಂಖ್ಯೆ ಬೇರೆ. ಅದನ್ನು ಬರೆದರೆ ಬ್ಯಾಂಕಿಗೆ ಹುಡುಕಲಾಗುವುದಿಲ್ಲ.

ಎರಡೂ ಕಡಿತಗಳಿಗೆ ಒಂದೇ ಆರ್‌ಆರ್‌ಎನ್ ಇದ್ದರೆ ನಿಮ್ಮ ಬ್ಯಾಂಕೇ ಲೆಕ್ಕದಲ್ಲಿ ಒಂದನ್ನು ಎರಡು ಸಲ ಬರೆದಿದೆ ಎಂದರ್ಥ. ಇದು ಅಪರೂಪ, ವಾದಕ್ಕೆ ಜಾಗವೂ ಇಲ್ಲ.

ಎರಡು ಬೇರೆ ಆರ್‌ಆರ್‌ಎನ್ ಇದ್ದು, ಒಂದು ಮಾತ್ರ ಅಂಗಡಿಗೆ ತಲುಪಿದ್ದರೆ, ತಲುಪದಿರುವುದು ವಿಫಲ ವ್ಯವಹಾರ. ಅದಕ್ಕೆ ರಿಸರ್ವ್ ಬ್ಯಾಂಕಿನ ಗಡುವು ಮತ್ತು ಪರಿಹಾರ ಎರಡೂ ಅನ್ವಯಿಸುತ್ತವೆ.

ಎರಡು ಬೇರೆ ಆರ್‌ಆರ್‌ಎನ್ ಇದ್ದು ಎರಡೂ ಅಂಗಡಿಗೆ ತಲುಪಿದ್ದರೆ, ವಿಫಲವಾದದ್ದು ಏನೂ ಇಲ್ಲ. ಅದು ಎರಡು ಬಾರಿ ಮಾಡಿದ ಪಾವತಿ. ಹಣ ವಾಪಸ್ ಬರಬೇಕಾದದ್ದು ಅಂಗಡಿಯವರಿಂದ. ಅವರು ಒಪ್ಪದಿದ್ದರೆ ನಿಮ್ಮ ಬ್ಯಾಂಕು ಚಾರ್ಜ್‌ಬ್ಯಾಕ್ ಹಾಕಬೇಕು, ಅಂದರೆ ಅಂಗಡಿಯ ಬ್ಯಾಂಕಿನಿಂದ ಆ ಹಣವನ್ನು ವಾಪಸ್ ಕೇಳಬೇಕು.

ಹೆಚ್ಚಿನ ದೂರುಗಳು ಬಿದ್ದುಹೋಗುವುದು ಇಲ್ಲೇ. 'ನನ್ನ ಖಾತೆಯಿಂದ ಎರಡು ಬಾರಿ ಹಣ ಕಡಿತವಾಗಿದೆ, ಒಂದನ್ನು ವಾಪಸ್ ಮಾಡಿ' ಎಂದು ಬರೆದರೆ ಯಾವ ಒಂದು ಎಂಬುದನ್ನು ಬ್ಯಾಂಕೇ ಊಹಿಸಬೇಕು. ದೂರು ನೋಡುವವರು ಯಶಸ್ವಿಯಾದ ಪಾವತಿಯ ಸಂಖ್ಯೆ ಹಾಕಿ ನೋಡುತ್ತಾರೆ, ಯಶಸ್ವಿ ಎಂದು ಬರುತ್ತದೆ, ದೂರು ಮುಕ್ತಾಯ. ಪತ್ರದಲ್ಲಿ ಹೇಳಬೇಕಾದದ್ದು ಈ ಆರ್‌ಆರ್‌ಎನ್ ವಿಫಲ, ಆ ಆರ್‌ಆರ್‌ಎನ್ ಬಗ್ಗೆ ನನ್ನ ತಕರಾರಿಲ್ಲ ಎಂದು. ತಕರಾರಿಲ್ಲದ್ದನ್ನು ಒಪ್ಪಿಕೊಳ್ಳುವುದೇ ತಕರಾರಿಗೆ ಬಲ ಕೊಡುತ್ತದೆ.

## ನಿಯಮ ಹೇಳುವುದು ಯಾರ ಪರದೆಯ ಬಗ್ಗೆ?

ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ವಿಫಲ ವ್ಯವಹಾರಗಳ ಗಡುವು ಮತ್ತು ಪರಿಹಾರದ ಬಗ್ಗೆ ಸುತ್ತೋಲೆ ಹೊರಡಿಸಿತು. ಆ ವರ್ಷದ ಅಕ್ಟೋಬರ್ 15ರಿಂದ ಅದು ಜಾರಿಯಲ್ಲಿದೆ. ಅಂಗಡಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಖಾತೆಯಿಂದ ಹಣ ಹೋಗಿ ವ್ಯಾಪಾರಿಯ ಕಡೆ ದೃಢೀಕರಣ ಬರದಿದ್ದರೆ, ವ್ಯವಹಾರದ ದಿನದಿಂದ 5 ದಿನದೊಳಗೆ ಹಣ ತಾನಾಗಿ ತಿರುಗಬೇಕು. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸಿದ್ದಾದರೆ ಗಡುವು ಮರುದಿನಕ್ಕೇ ಮುಗಿಯುತ್ತದೆ. ಗಡುವು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗ್ರಾಹಕ ದೂರು ಕೊಡುವವರೆಗೆ ಕಾಯದೆ ಬ್ಯಾಂಕು ತಾನೇ ಅದನ್ನು ಜಮಾ ಮಾಡಬೇಕು ಎಂದೂ ಸುತ್ತೋಲೆ ಹೇಳುತ್ತದೆ.

ಇಲ್ಲಿ ಗಮನಿಸಬೇಕಾದದ್ದು 'ವ್ಯಾಪಾರಿಯ ಕಡೆ ದೃಢೀಕರಣ' ಎಂಬ ಮಾತು. ನಿಯಮಕ್ಕೆ ಮುಖ್ಯವಾದದ್ದು ನಿಮ್ಮ ಮೊಬೈಲ್‌ನಲ್ಲಿ ಏನು ಬಂತು ಎಂಬುದಲ್ಲ, ಅಂಗಡಿಗೆ ಏನು ಬರಲಿಲ್ಲ ಎಂಬುದು. ಜನ ಸ್ಕ್ರೀನ್‌ಶಾಟ್ ಇದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಅದು ಬೇಕು, ಆದರೆ ಅದರಷ್ಟಕ್ಕೆ ಸಾಲದು. ಈ ಆರ್‌ಆರ್‌ಎನ್‌ನ ಹಣ ನಮಗೆ ಬಂದಿಲ್ಲ ಎಂದು ಅಂಗಡಿಯವರು ಬಿಲ್ಲಿನ ಹಿಂದೆ ಎರಡು ಸಾಲು ಬರೆದು ಸೀಲು ಹಾಕಿ ಕೊಟ್ಟರೆ, ನಿಮ್ಮ ಹತ್ತು ಸ್ಕ್ರೀನ್‌ಶಾಟ್‌ಗಿಂತ ಅದರ ತೂಕ ಹೆಚ್ಚು.

ಬ್ಯಾಂಕುಗಳ ವಾದವೂ ಪೊಳ್ಳಲ್ಲ. ಅಂಗಡಿಯ ಬ್ಯಾಂಕು ತಡವಾಗಿಯಾದರೂ ಜಮಾ ಮಾಡಿ ಟಿಸಿಸಿ ಕೊಟ್ಟಿದ್ದರೆ ವ್ಯವಹಾರ ಪೂರ್ಣಗೊಂಡಿದೆ, ಬೇರೆಯವರ ಖಾತೆಯಲ್ಲಿರುವ ಹಣವನ್ನು ನಾವು ಎಳೆದು ತರುವುದು ಹೇಗೆ ಎನ್ನುತ್ತವೆ. ಗ್ರಾಹಕರ ಕಡೆಯ ಮಾತೂ ನ್ಯಾಯವೇ. ಕಟ್ಟುವ ಹೊತ್ತಿಗೆ ದೃಢೀಕರಣ ಬರಲಿಲ್ಲ ಎಂದೇ ತಾನೆ ಎರಡನೇ ಸಲ ಕಟ್ಟಿದ್ದು? ಈ ಬೂದು ಜಾಗಕ್ಕೆ ಸುತ್ತೋಲೆಯಲ್ಲಿ ನೇರ ಉತ್ತರವಿಲ್ಲ. ನಡೆಯುವ ದಾರಿ ಇಷ್ಟೇ: ಹಣ ಅಂಗಡಿಯ ಖಾತೆಗೆ ಹೋಗಿರುವುದು ಖಚಿತವಾದ ಮೇಲೆ ದಿನಕ್ಕೆ 100 ರೂಪಾಯಿಯ ಬೇಡಿಕೆಯನ್ನು ಹಿಡಿದು ಕೂರದೆ, ಎರಡು ಬಾರಿ ಪಾವತಿ ಎಂಬ ಆಧಾರದಲ್ಲಿ ಚಾರ್ಜ್‌ಬ್ಯಾಕ್ ಕೇಳುವುದು.

2025ರ ಫೆಬ್ರವರಿ 15ರಿಂದ ಒಂದು ಬದಲಾವಣೆಯೂ ಆಗಿದೆ. ಚಾರ್ಜ್‌ಬ್ಯಾಕ್ ಹಾಕಿದ ಮೇಲೆ ಅಂಗಡಿಯ ಬ್ಯಾಂಕು ಮುಂದಿನ ಲೆಕ್ಕ ತೀರುವಳಿಯ ಸುತ್ತಿನಲ್ಲಿ ಟಿಸಿಸಿ ಕೊಟ್ಟರೆ ಆ ಚಾರ್ಜ್‌ಬ್ಯಾಕ್ ತಾನಾಗಿ ತಿರಸ್ಕೃತವಾಗುತ್ತದೆ, ರಿಟರ್ನ್ ಕೊಟ್ಟರೆ ತಾನಾಗಿ ಸ್ವೀಕೃತವಾಗುತ್ತದೆ. ಒಂದೆರಡು ದಿನದಲ್ಲೇ ದೂರು ತಿರಸ್ಕೃತವಾದರೆ ಯಾರೂ ಕೂತು ವಿಚಾರಣೆ ಮಾಡಿದ್ದಾರೆ ಎಂದೇನೂ ಭಾವಿಸಬೇಕಿಲ್ಲ.

## ಒಂದು ಲೆಕ್ಕ ಬಿಡಿಸಿ ನೋಡೋಣ

ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿ ಅಂದುಕೊಳ್ಳಿ. ಏಪ್ರಿಲ್ 12ರ ಶನಿವಾರ, 4,860 ರೂಪಾಯಿಯ ಪೈಪು, ನಲ್ಲಿಗಳ ಬಿಲ್ಲು. 11.52ಕ್ಕೆ ಮಾಡಿದ ಪಾವತಿ ಬಾಕಿ ಎಂದು ತೋರಿಸಿ ಆಮೇಲೆ ವಿಫಲ ಎಂದಾಯಿತು. ಅದರ ಆರ್‌ಆರ್‌ಎನ್ 5102ರಿಂದ ಶುರುವಾಗಿ 3371ಕ್ಕೆ ಮುಗಿಯುತ್ತದೆ. 12.31ಕ್ಕೆ ಅದೇ ಖಾತೆಯಿಂದ ಮತ್ತೆ ಕಟ್ಟಿದಾಗ ಸೌಂಡ್‌ಬಾಕ್ಸ್ ಕೂಗಿತು. ಇದರ ಕೊನೆ 8046. ಖಾತೆಯಿಂದ ಹೋದದ್ದು 9,720.

ಮೊದಲ ಕೆಲಸ ಅವತ್ತೇ ಆ್ಯಪ್‌ನಲ್ಲಿ 3371ರ ಪಾವತಿಯನ್ನು ತೆರೆದು, ಅದರೊಳಗಿಂದಲೇ ದೂರು ದಾಖಲಿಸುವುದು. ಇದು ಯುಪಿಐನ ದೂರು ವ್ಯವಸ್ಥೆಗೇ ಹೋಗುತ್ತದೆ, ದೂರಿನ ಸಂಖ್ಯೆಯೂ ಸಿಗುತ್ತದೆ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುವ ಕೆಲಸ ಬೇಡವೇ ಬೇಡ. ಹಣ ವಾಪಸ್ ಪಡೆಯಲು ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ, ಒತ್ತಿ ಎಂದವನು ಕಳ್ಳನೇ.

ಎರಡನೆಯದು ಮೂರು ದಿನ ಬಿಟ್ಟು ಅಂಗಡಿಗೆ ಹೋಗಿ ಕೇಳುವುದು. ಅವತ್ತೇ ಕೇಳಿದರೆ ಸಾಕಾಗದು. ಸೌಂಡ್‌ಬಾಕ್ಸ್ ಕೂಗದಿದ್ದರೂ ಹಣ ಮರುದಿನದ ಸೆಟ್ಲ್‌ಮೆಂಟ್‌ನಲ್ಲಿ ಬಂದಿರಬಹುದು. ಅದು ಬೇರೆ ಪಾವತಿಗಳ ಜೊತೆ ಒಟ್ಟು ಮೊತ್ತವಾಗಿ ಜಮಾ ಆಗುವುದರಿಂದ ಅಂಗಡಿಯವರ ಪಾಸ್‌ಬುಕ್‌ನಲ್ಲಿ ಬಿಡಿಯಾಗಿ ಕಾಣದು. ವ್ಯಾಪಾರಿ ಆ್ಯಪ್‌ನಲ್ಲಿ 12, 13, 14ರ ಪಟ್ಟಿ ತೆರೆದು 3371 ಎಂದು ಮುಗಿಯುವ ಸಂಖ್ಯೆ ಹುಡುಕಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು ಇಲ್ಲ, 8046 ಮಾತ್ರ ಇದೆ. ಅಲ್ಲಿಗೆ ಇದು ವಿಫಲ ವ್ಯವಹಾರವೆಂದು ಗಟ್ಟಿಯಾಯಿತು.

ಈಗ ದಿನದ ಲೆಕ್ಕ. 12 ಎರಡನೇ ಶನಿವಾರ, 13 ಭಾನುವಾರ, 14 ಅಂಬೇಡ್ಕರ್ ಜಯಂತಿ. ಬ್ಯಾಂಕು ಮೂರು ದಿನ ಮುಚ್ಚಿತ್ತು, ಆದ್ದರಿಂದ ಎಣಿಕೆ 15ರಿಂದ ಎಂದು ಶಾಖೆಯಲ್ಲಿ ಹೇಳಬಹುದು. ಅದು ಸರಿಯಲ್ಲ. ಸುತ್ತೋಲೆಯಲ್ಲಿ ದಿನ ಎಂದರೆ ಕ್ಯಾಲೆಂಡರ್ ದಿನ. 12ಕ್ಕೆ 5 ಸೇರಿಸಿದರೆ 17. ಅಂದು ಮುಗಿಯುವುದರೊಳಗೆ ಹಣ ಬರದಿದ್ದರೆ 18ರಿಂದ ಪರಿಹಾರದ ಎಣಿಕೆ. 29ರಂದು ಹಣ ಬಂತು ಅಂದರೆ 17ರಿಂದ 29ಕ್ಕೆ 12 ದಿನ, 1,200 ರೂಪಾಯಿ. 4,860 ಮಾತ್ರ ಜಮಾ ಮಾಡಿ ದೂರು ಮುಗಿಸಿದ್ದರೆ ಬಾಕಿ 1,200ಕ್ಕೆ ಅದೇ ದೂರಿನ ಸಂಖ್ಯೆ ಹಾಕಿ ಮತ್ತೆ ಬರೆಯಬೇಕು. ತಾನಾಗಿ ಕೊಡಬೇಕಾದ ಹಣವನ್ನು ಕೇಳಿ ಪಡೆಯಬೇಕಾದ ಪರಿಸ್ಥಿತಿ ಬರಬಾರದು, ಬರುತ್ತದೆ.

ಅಂಗಡಿಯ ಕ್ಯೂಆರ್ ಕೋಡ್ ಮಾಲೀಕರ ಸ್ವಂತ ಖಾತೆಯದಾಗಿದ್ದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ವ್ಯಾಪಾರಿ ಪಾವತಿಯಲ್ಲ, ವ್ಯಕ್ತಿಯಿಂದ ವ್ಯಕ್ತಿಗೆ ಹೋದದ್ದು. ಆಗ ಗಡುವು 13ಕ್ಕೇ ಮುಗಿದು, ಪರಿಹಾರ 16 ದಿನಗಳಿಗೆ ಸಿಗಬೇಕು. ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟ್‌ನಲ್ಲಿ ಆ ಸಾಲಿನಲ್ಲೇ P2M ಅಥವಾ P2A ಎಂದು ಇರುತ್ತದೆ. ಮೊದಲನೆಯದು ವ್ಯಾಪಾರಿಗೆ, ಎರಡನೆಯದು ಖಾತೆಗೆ.

## ಕುಂದುಕೊರತೆ ವಿಭಾಗಕ್ಕೆ ಪತ್ರ

ಆ್ಯಪ್‌ನ ದೂರು 'ಯಶಸ್ವಿ' ಎಂದು ಮುಚ್ಚಿಹೋದರೆ ಅಥವಾ ಗಡುವು ದಾಟಿದರೆ ಬರಹದಲ್ಲಿ ದೂರು ಕೊಡಬೇಕು. ಕಳಿಸಬೇಕಾದದ್ದು ಹಣ ಕಡಿತವಾದ ಖಾತೆಯ ಬ್ಯಾಂಕಿಗೆ. ಇಮೇಲ್ ವಿಳಾಸವನ್ನು ಬ್ಯಾಂಕಿನ ಅಧಿಕೃತ ಜಾಲತಾಣದಿಂದಲೇ ತೆಗೆದುಕೊಳ್ಳಿ. ಶಾಖೆಯಲ್ಲಿ ಕೊಡುವುದಾದರೆ ಎರಡನೇ ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಳ್ಳಿ. ನಮ್ಮ ಉದಾಹರಣೆಗೆ ಪತ್ರ ಹೀಗಿರಬಹುದು:

> ಇವರಿಗೆ: ಗ್ರಾಹಕ ಕುಂದುಕೊರತೆ ವಿಭಾಗ
>
> ವಿಷಯ: ವಿಫಲ ಯುಪಿಐ ವ್ಯವಹಾರ, ಆರ್‌ಆರ್‌ಎನ್ 5102…3371, ದಿನಾಂಕ 12-04-2025, ರೂ. 4,860 ಮರುಜಮಾ ಮತ್ತು ಪರಿಹಾರ
>
> ಮಾನ್ಯರೇ,
>
> ನಿಮ್ಮಲ್ಲಿರುವ ನನ್ನ ಉಳಿತಾಯ ಖಾತೆಯಿಂದ (ಕೊನೆಯ ನಾಲ್ಕು ಅಂಕಿ ____) ಮೇಲಿನ ದಿನ ಬೆಳಗ್ಗೆ 11.52ಕ್ಕೆ ರೂ. 4,860 ಕಡಿತವಾಗಿದೆ. ಈ ಮೊತ್ತ ವ್ಯಾಪಾರಿಗೆ ತಲುಪಿಲ್ಲ. ವ್ಯಾಪಾರಿಯ ಲಿಖಿತ ಹೇಳಿಕೆ ಮತ್ತು ಅವರ ಏಪ್ರಿಲ್ 12ರಿಂದ 14ರವರೆಗಿನ ಸ್ವೀಕೃತಿ ಪಟ್ಟಿಯನ್ನು ಲಗತ್ತಿಸಿದ್ದೇನೆ.
>
> ಅದೇ ಬಿಲ್ಲಿಗೆ 12.31ಕ್ಕೆ ನಾನು ಮತ್ತೆ ಮಾಡಿದ ಪಾವತಿ (ಆರ್‌ಆರ್‌ಎನ್ 5102…8046) ಯಶಸ್ವಿಯಾಗಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ.
>
> ಆ್ಯಪ್‌ನಲ್ಲಿ ಅದೇ ದಿನ ದೂರು ದಾಖಲಿಸಿದ್ದೇನೆ, ಸಂಖ್ಯೆ ____. ಏಪ್ರಿಲ್ 17ರವರೆಗೆ ಹಣ ಮರಳಿಲ್ಲ.
>
> ಆದ್ದರಿಂದ ರೂ. 4,860ನ್ನು ಮರುಜಮಾ ಮಾಡಬೇಕು. ರಿಸರ್ವ್ ಬ್ಯಾಂಕಿನ 20-09-2019ರ ಸುತ್ತೋಲೆಯಂತೆ, ಗಡುವು ದಾಟಿದ ದಿನದಿಂದ ಮರುಜಮಾ ಆಗುವ ದಿನದವರೆಗೆ ದಿನಕ್ಕೆ ರೂ. 100 ಪರಿಹಾರ ನೀಡಬೇಕು. ವ್ಯಾಪಾರಿಯ ಬ್ಯಾಂಕು ಜಮಾ ಮಾಡಿರುವುದಾಗಿ ತಿಳಿಸಿದ್ದರೆ, ಟಿಸಿಸಿ ಬಂದ ದಿನಾಂಕ ಮತ್ತು ಜಮಾ ಆದ ದಿನಾಂಕವನ್ನು ಲಿಖಿತವಾಗಿ ತಿಳಿಸಿ, ಈ ಪತ್ರವನ್ನೇ ಎರಡು ಬಾರಿ ಪಾವತಿಯ ದೂರೆಂದು ಪರಿಗಣಿಸಿ ಚಾರ್ಜ್‌ಬ್ಯಾಕ್ ಹಾಕಬೇಕು.
>
> ಲಗತ್ತು: ಖಾತೆಯ ಸ್ಟೇಟ್‌ಮೆಂಟ್, ಎರಡೂ ಪಾವತಿಗಳ ಸ್ಕ್ರೀನ್‌ಶಾಟ್, ಬಿಲ್ಲು, ವ್ಯಾಪಾರಿಯ ಹೇಳಿಕೆ ಮತ್ತು ಪಟ್ಟಿ.

ಕೊನೆಯ ಕೋರಿಕೆಯನ್ನು ಬಿಡಬೇಡಿ. ಅದು ಇಲ್ಲದಿದ್ದರೆ ಬ್ಯಾಂಕು 'ಯಶಸ್ವಿ' ಎಂದು ಒಂದೇ ಪದದಲ್ಲಿ ಮುಗಿಸಿಬಿಡಬಹುದು. ಅದು ಇದ್ದರೆ ಒಂದೋ ಹಣ ತಿರುಗಿಸಬೇಕು, ಇಲ್ಲವೇ ಅಂಗಡಿಯ ಖಾತೆಗೆ ಜಮಾ ಆದ ದಿನಾಂಕ ಕೊಡಬೇಕು. ಆ ದಿನಾಂಕ ಕೈಗೆ ಬಂದರೆ ಅಂಗಡಿಯವರು ತಮ್ಮ ಬ್ಯಾಂಕಿನಲ್ಲಿ ಅದನ್ನೇ ಹಿಡಿದು ಹುಡುಕಬಹುದು.

ಪತ್ರದಲ್ಲಿ 'ವಂಚನೆ' ಎಂಬ ಪದ ಬೇಡ. ವಂಚನೆಯಿಂದ ಹಣ ಹೋದ ಪ್ರಕರಣಗಳಿಗೆ ಬೇರೆ ನಿಯಮ, ಬೇರೆ ವಿಭಾಗ. ಸಿಟ್ಟಿನಲ್ಲಿ ಹಾಗೆ ಬರೆದರೆ ಸುರಕ್ಷತೆಗೆಂದು ನಿಮ್ಮ ಯುಪಿಐ ಬಂದ್ ಮಾಡಿಯಾರು, ದೂರು ಮಾತ್ರ ತಪ್ಪು ಮೇಜಿನ ಮೇಲೆ ಕೂತಿರುತ್ತದೆ. ಪೂರ್ತಿ ಖಾತೆ ಸಂಖ್ಯೆ, ಕಾರ್ಡ್ ಸಂಖ್ಯೆ ಇಮೇಲ್‌ನಲ್ಲಿ ಹಾಕಬೇಡಿ. ಆರ್‌ಆರ್‌ಎನ್ ಮಾತ್ರ 12 ಅಂಕಿಗಳೂ ಇರಲಿ, ಮೇಲಿನ ಮಾದರಿಯಲ್ಲಿ ಚುಕ್ಕಿ ಹಾಕಿರುವುದು ಉದಾಹರಣೆಗಷ್ಟೇ.

ಈ ಕಡಿತದಿಂದಾಗಿ ಖಾತೆಯಲ್ಲಿ ಹಣ ಸಾಲದೆ ಸಾಲದ ಕಂತು ಬೌನ್ಸ್ ಆಗಿದ್ದರೆ, ಆ ಶುಲ್ಕವನ್ನು ಬೇರೆ ಪ್ಯಾರಾದಲ್ಲಿ, ಸ್ಟೇಟ್‌ಮೆಂಟ್‌ನ ಆ ಸಾಲನ್ನು ತೋರಿಸಿ ಕೇಳಿ. ದಿನಕ್ಕೆ 100 ರೂಪಾಯಿಯ ಲೆಕ್ಕದಲ್ಲಿ ಅದು ಬರುವುದಿಲ್ಲ.

## ಬ್ಯಾಂಕು ಒಪ್ಪದಿದ್ದರೆ

30 ದಿನದೊಳಗೆ ಉತ್ತರ ಬರದಿದ್ದರೆ, ದೂರು ತಿರಸ್ಕೃತವಾದರೆ, ಅಥವಾ ಕೊಟ್ಟ ಪರಿಹಾರ ಸಮಾಧಾನ ತರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅರ್ಜಿ cms.rbi.org.in ತಾಣದಲ್ಲಿ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಮೊದಲು ಬ್ಯಾಂಕಿಗೇ ದೂರು ಕೊಟ್ಟಿರಬೇಕು. ಕೊಡದೆ ನೇರ ಹೋದರೆ ಅರ್ಜಿ ಅಲ್ಲೇ ಮುಚ್ಚುತ್ತದೆ. ಸೀಲು ಹಾಕಿಸಿದ ಪ್ರತಿ ಅಥವಾ ಇಮೇಲ್ ಬೆಲೆ ಬಾಳುವುದು ಆಗಲೇ. ಆ್ಯಪ್‌ನಲ್ಲಿ ಕೊಟ್ಟ ದೂರೊಂದನ್ನೇ ನೆಚ್ಚಿಕೊಳ್ಳದೆ ಬ್ಯಾಂಕಿಗೂ ಬರೆಯಬೇಕು ಎನ್ನುವುದೂ ಇದೇ ಕಾರಣಕ್ಕೆ. ದೊಡ್ಡ ವಾಣಿಜ್ಯ ಬ್ಯಾಂಕುಗಳಲ್ಲಿ ದೂರನ್ನು ತಿರಸ್ಕರಿಸುವ ಮೊದಲು ಬ್ಯಾಂಕಿನೊಳಗಿನ ಆಂತರಿಕ ಓಂಬುಡ್ಸ್‌ಮನ್ ಅದನ್ನು ನೋಡಿರಬೇಕು. ತಿರಸ್ಕಾರದ ಉತ್ತರದಲ್ಲಿ ಆ ಮಾತು ಇಲ್ಲದಿದ್ದರೆ ಅದನ್ನೂ ಕೇಳಿ.

ನಡುವೆ ಅಂಗಡಿಯವರ ಪಟ್ಟಿಯಲ್ಲಿ 3371 ಕಂಡುಬಿಟ್ಟರೆ ದಾರಿ ಬದಲಾಗುತ್ತದೆ. ಅವರು ತಮ್ಮ ವ್ಯಾಪಾರಿ ಆ್ಯಪ್‌ನಿಂದಲೇ ಆ ಪಾವತಿಯ ಮೇಲೆ ರೀಫಂಡ್ ಮಾಡಿದರೆ ಹಣ ಹೋದ ಖಾತೆಗೇ ಬರುತ್ತದೆ, ದಾಖಲೆಯೂ ಉಳಿಯುತ್ತದೆ. ಪರಿಚಯದ ಅಂಗಡಿಯವರು ನಗದಾಗಿ ಕೊಟ್ಟು ಮುಗಿಸುವುದೂ ಉಂಟು. ಹಾಗೆ ತೆಗೆದುಕೊಂಡರೆ ಬ್ಯಾಂಕಿನಲ್ಲಿರುವ ದೂರನ್ನು ಅವತ್ತೇ ಹಿಂದಕ್ಕೆ ಪಡೆಯಬೇಕು. ಇಲ್ಲವಾದರೆ ವಾರ ಕಳೆದು ಚಾರ್ಜ್‌ಬ್ಯಾಕ್ ಮಂಜೂರಾಗಿ, ಅಂಗಡಿಯವರ ಖಾತೆಯಿಂದ ಅದೇ 4,860 ಮತ್ತೊಮ್ಮೆ ಹೋಗುತ್ತದೆ. ಆಗ ದೂರು ಬರೆಯುವ ಸರದಿ ಅವರದು.